ಹಗುರ ರಾಡ್, ಎರಡು ತುದಿಗೆ ಎರಡು ತೂಕ: ರೇಡಿಯಸ್ ಆಫ್ ಗೈರೇಶನ್ ಲೆಕ್ಕ ಹಾಕಿ, ದಾರಕ್ಕೆ ಕಟ್ಟಿ ಅಳೆಯುವುದು ಹೇಗೆ

ಪಿಯುಸಿ ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಒಂದು ಪುಟ್ಟ ಉದಾಹರಣೆ ಬರುತ್ತದೆ. ತೂಕವೇ ಇಲ್ಲ ಅಂದುಕೊಂಡ ಒಂದು ರಾಡ್, ಅದರ ಎರಡು ತುದಿಗೆ ಒಂದೇ ತೂಕದ ಎರಡು ಗುಂಡು, ನಡುವಿನಲ್ಲಿ ರಾಡ್‌ಗೆ ಲಂಬವಾಗಿ ಅಕ್ಷ. ರೇಡಿಯಸ್ ಆಫ್ ಗೈರೇಶನ್ ಎಷ್ಟು? ರಾಡ್ ಉದ್ದದ ಅರ್ಧ. ಎರಡೇ ಸಾಲಿನಲ್ಲಿ ಮುಗಿಯುತ್ತದೆ. ತೊಂದರೆ ಏನಪ್ಪಾ ಅಂದ್ರೆ, ಹೆಚ್ಚಿನವರ ತಲೆಯಲ್ಲಿ 'ಉದ್ದದ ಅರ್ಧ' ಅನ್ನೋದು ಮಾತ್ರ ಉಳಿಯುತ್ತದೆ. ಎರಡು ತೂಕ ಬೇರೆ ಬೇರೆಯಾದ ತಕ್ಷಣ, ಅಥವಾ ಅಕ್ಷ ಸ್ವಲ್ಪ ಪಕ್ಕಕ್ಕೆ ಸರಿದ ತಕ್ಷಣ ಎಲ್ಲಾ ಕಲಸಿಹೋಗುತ್ತದೆ.

ಹಾಗಾಗಿ ಇಲ್ಲಿ ಬೇಕಂತಲೇ ಎರಡು ಬೇರೆ ಬೇರೆ ತೂಕ ತಗೊಳ್ಳೋಣ. ಮೊದಲು ಕಾಗದದ ಮೇಲೆ ಲೆಕ್ಕ. ಆಮೇಲೆ ಅದೇ ರಾಡನ್ನು ಎರಡು ದಾರಕ್ಕೆ ಕಟ್ಟಿ, ಅಳತೆಪಟ್ಟಿ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದು ನೋಡೋಣ. ತಿರುಗಿಸಲು ಹೊರಟಾಗ ವಸ್ತು ಎಷ್ಟು ತಡೆ ಒಡ್ಡುತ್ತದೆ ಅನ್ನುವ ಅಳತೆ, ಅಂದರೆ ಮೊಮೆಂಟ್ ಆಫ್ ಇನರ್ಷಿಯಾಗೆ I ಅಂತ, ರೇಡಿಯಸ್ ಆಫ್ ಗೈರೇಶನ್‌ಗೆ k ಅಂತ ಬರೆಯುತ್ತೇನೆ.

ಬೇಕಾದ ಸಾಮಾನು

1 ಮೀಟರ್ ಉದ್ದದ, ಒಂದು ಇಂಚು ದಪ್ಪದ ಅಲ್ಯೂಮಿನಿಯಂ ಪೈಪ್. ಗೋಡೆ ತೆಳುವಾಗಿರಲಿ, ಸುಮಾರು 1 ಮಿಲಿಮೀಟರ್. ಅಂಥ ಪೈಪ್ ಹತ್ತಿರ ಹತ್ತಿರ 200 ಗ್ರಾಂ ತೂಗುತ್ತದೆ. ಮನೆಯಲ್ಲಿ ವ್ಯಾಯಾಮಕ್ಕೆ ಇಟ್ಟುಕೊಳ್ಳುವ ಕಬ್ಬಿಣದ ಪ್ಲೇಟ್ ಎರಡು, ಒಂದು 2 ಕೆಜಿ, ಇನ್ನೊಂದು 1 ಕೆಜಿ. ಪ್ಲೇಟ್ ಮೇಲೆ ಬರೆದಿರುವ ತೂಕವನ್ನು ಹಾಗೇ ನಂಬಬೇಡಿ, ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ. ಪ್ಲೇಟ್ ಜಾರದಂತೆ ಎರಡೂ ಬದಿಗೆ ಹೋಸ್ ಕ್ಲಾಂಪ್ ಹಾಕಿ ಬಿಗಿ ಮಾಡಿ. ದಾರಕ್ಕೆ ಗಾರೆ ಕೆಲಸದವರು ಮಟ್ಟ ನೋಡಲು ಕಟ್ಟುವ ಗಟ್ಟಿ ದಾರ ಸಾಕು.

ಪ್ಲೇಟ್ ಇಲ್ಲದವರು ಒಣ ಮರಳು ತುಂಬಿದ ಬಾಟಲಿ ಬಳಸಬಹುದು. ನೀರು ತುಂಬಿದ ಬಾಟಲಿ ಮಾತ್ರ ಬೇಡ. ಬಾಟಲಿ ತಿರುಗಿದಷ್ಟು ಒಳಗಿನ ನೀರು ತಿರುಗುವುದಿಲ್ಲ, ಅರ್ಧ ತುಂಬಿದ್ದರೆ ಕುಲುಕುತ್ತಲೂ ಇರುತ್ತದೆ. ಲೆಕ್ಕದಲ್ಲಿ ಎಲ್ಲವೂ ಒಟ್ಟಿಗೆ ತಿರುಗುತ್ತದೆ ಅಂದುಕೊಂಡಿರುತ್ತೇವಲ್ಲ, ಆ ಮಾತೇ ಸುಳ್ಳಾಗಿಬಿಡುತ್ತದೆ.

ಪೈಪಿನ ಎಡ ತುದಿಯಿಂದ 5 ಸೆಂ.ಮೀ. ಹತ್ತಿರ 2 ಕೆಜಿ ಪ್ಲೇಟ್, 95 ಸೆಂ.ಮೀ. ಹತ್ತಿರ 1 ಕೆಜಿ ಪ್ಲೇಟ್ ಕೂರಿಸಿ. ಎರಡರ ನಡುವಿನ ದೂರ L = 90 ಸೆಂ.ಮೀ. ಅಳೆಯುವಾಗ ಪ್ಲೇಟಿನ ಅಂಚಿನಿಂದ ಅಂಚಿಗೆ ಅಳೆಯಬೇಡಿ, ದಪ್ಪದ ನಟ್ಟನಡುವಿನಿಂದ ನಟ್ಟನಡುವಿಗೆ ಅಳೆಯಿರಿ.

ತೂಗುವ ಜಾಗ ಮೊದಲು

ಏನೇ ಲೆಕ್ಕ ಮಾಡುವ ಮೊದಲು ರಾಡ್ ಸಮವಾಗಿ ನಿಲ್ಲುವ ಜಾಗ ಗೊತ್ತಾಗಬೇಕು, ಅಂದರೆ ದ್ರವ್ಯರಾಶಿ ಕೇಂದ್ರ. ಸದ್ಯಕ್ಕೆ ಪೈಪಿನ ತೂಕ ಸೊನ್ನೆ ಅಂದುಕೊಳ್ಳಿ. 2 ಕೆಜಿಯಿಂದ ಆ ಜಾಗಕ್ಕೆ d1, 1 ಕೆಜಿಯಿಂದ d2. ಸಮ ತೂಗಬೇಕಾದರೆ 2 × d1 = 1 × d2 ಆಗಬೇಕು, ಎರಡೂ ಸೇರಿ 90 ಆಗಬೇಕು. ಹಾಗಾಗಿ d1 = 30, d2 = 60. ಭಾರದ ಕಡೆಗೆ ಹತ್ತಿರ, ಹಗುರದ ಕಡೆಯಿಂದ ದೂರ.

ಈಗ I. ಪ್ರತಿ ತೂಕವನ್ನು ಅದರ ದೂರದ ವರ್ಗದಿಂದ ಗುಣಿಸಿ ಕೂಡಿಸಬೇಕು, ದೂರ ಮೀಟರಿನಲ್ಲಿ:

I = 2 × 0.30² + 1 × 0.60² = 0.18 + 0.36 = 0.54 ಕೆಜಿ·ಮೀ²

ಒಂದು ಕ್ಷಣ ನಿಂತು ಈ ಎರಡು ಸಂಖ್ಯೆ ನೋಡಿ. 1 ಕೆಜಿಯ ಪಾಲು 0.36, 2 ಕೆಜಿಯ ಪಾಲು 0.18. ತೂಕದಲ್ಲಿ ಅರ್ಧ ಇರುವುದು I ಒಳಗೆ ಎರಡರಷ್ಟು ಪಾಲು ತಗೊಂಡಿದೆ. ದೂರ ಎರಡು ಪಟ್ಟಾದರೆ ವರ್ಗ ನಾಲ್ಕು ಪಟ್ಟು, ಅದಕ್ಕೇ ಹೀಗೆ. 'ಭಾರದ ತುದಿ ತಿರುಗಿಸೋದು ಕಷ್ಟ' ಅಂತ ಅಂದಾಜಿನಲ್ಲಿ ಹೇಳುವವರು ತಪ್ಪುವುದು ಇಲ್ಲೇ.

k ಅಂದರೆ, ಇದ್ದಬದ್ದ ತೂಕವೆಲ್ಲ ಅಕ್ಷದಿಂದ ಒಂದೇ ದೂರದಲ್ಲಿ ಇದ್ದಿದ್ದರೆ ಇಷ್ಟೇ I ಬರಲು ಆ ದೂರ ಎಷ್ಟಿರಬೇಕು ಅನ್ನೋದು. I = M·k², ಇಲ್ಲಿ M ಒಟ್ಟು 3 ಕೆಜಿ.

k² = 0.54 / 3 = 0.18, ಹಾಗಾಗಿ k = 0.424 ಮೀ, ಅಂದರೆ 42.4 ಸೆಂ.ಮೀ.

ಎರಡು ದೂರಗಳ ಸಾದಾ ಸರಾಸರಿ ತೆಗೆದರೆ 45 ಬರುತ್ತದೆ. ತೂಕಕ್ಕೆ ತಕ್ಕಂತೆ ಸರಾಸರಿ ಮಾಡಿದರೆ 40. ಎರಡೂ k ಅಲ್ಲ. ಮೊದಲು ವರ್ಗ ಮಾಡಿ, ತೂಕಕ್ಕೆ ತಕ್ಕಂತೆ ಸರಾಸರಿ ಮಾಡಿ, ಕೊನೆಗೆ ವರ್ಗಮೂಲ. ಈ ಕ್ರಮ ತಪ್ಪಿದರೆ ಉತ್ತರ ತಪ್ಪುತ್ತದೆ. ಬೇಜಾರಿನ ವಿಷಯ ಅಂದರೆ, ಆ ತಪ್ಪು ಉತ್ತರವೂ ನೋಡಲು ಸರಿಯಾಗಿಯೇ ಕಾಣುತ್ತದೆ.

ತೂಕ ಗೊತ್ತಿಲ್ಲದೆಯೂ k ಸಿಗುತ್ತದೆ

ನನಗೆ ತುಂಬಾ ಇಷ್ಟವಾದ ಭಾಗ ಇದು. 0.18 ಅನ್ನೋದು 0.30 × 0.60 ಕೂಡ ಹೌದು, ಗಮನಿಸಿದಿರಾ? ಅದು ಕಾಕತಾಳೀಯ ಅಲ್ಲ. ಹಗುರ ರಾಡಿಗೆ ಎರಡು ತೂಕ ಇದ್ದು, ಅಕ್ಷ ಸಮ ತೂಗುವ ಜಾಗದಲ್ಲಿದ್ದರೆ ಯಾವಾಗಲೂ

k² = d1 × d2

ಯಾಕೆ ಅಂತ ನೋಡೋಣ. I = m1·d1² + m2·d2². ಆದರೆ m1·d1 ಮತ್ತು m2·d2 ಎರಡೂ ಒಂದೇ, ಸಮ ತೂಗುವುದು ಅಂದರೇನೇ ಅದು. ಆ ಒಂದೇ ಸಂಖ್ಯೆಯನ್ನು ಹೊರಗೆ ತೆಗೆದರೆ I = m1·d1 × (d1 + d2) = m1·d1·L. ಇನ್ನು ಒಟ್ಟು ತೂಕ M. m2 ಜಾಗದಲ್ಲಿ m1·d1/d2 ಹಾಕಿ ಕೂಡಿಸಿದರೆ M = m1·L/d2 ಆಗುತ್ತದೆ. ಭಾಗಿಸಿ. m1 ಹೋಯಿತು, L ಹೋಯಿತು, ಉಳಿದದ್ದು d1·d2.

ಇದರ ಉಪಯೋಗ ತಕ್ಷಣ ಸಿಗುತ್ತದೆ. ರಾಡನ್ನು ಸ್ಕೇಲಿನ ಅಂಚಿನ ಮೇಲೆ ಇಟ್ಟು ತೂಗಿಸಿ, ಅಲ್ಲಿಂದ ಎರಡು ತೂಕಕ್ಕೆ ಇರುವ ದೂರ ಅಳೆದು, ಗುಣಿಸಿ, ವರ್ಗಮೂಲ ತೆಗೆದರೆ k ಬಂತು. ತಕ್ಕಡಿ ಬೇಕಾಗಿಲ್ಲ. ತೂಕ ಬೇಕಾಗುವುದು I ಬೇಕು ಅಂದಾಗ ಮಾತ್ರ. ಇನ್ನೊಂದು ಅನುಕೂಲವೂ ಇದೆ: k ಯಾವತ್ತೂ d1 ಮತ್ತು d2 ನಡುವೆಯೇ ಇರಬೇಕು. ನಿಮ್ಮ ಉತ್ತರ 65 ಸೆಂ.ಮೀ. ಬಂದರೆ ಇನ್ನೇನೂ ನೋಡದೆ ಲೆಕ್ಕ ತಪ್ಪಿದೆ ಅಂತ ಹೇಳಬಹುದು.

ಅಕ್ಷ ಸರಿದರೆ

k ರಾಡಿನ ಗುಣ ಅಲ್ಲ, ರಾಡ್ ಮತ್ತು ಅಕ್ಷ ಎರಡಕ್ಕೂ ಸೇರಿದ್ದು. ಅಕ್ಷವನ್ನು ಸಮ ತೂಗುವ ಜಾಗದಿಂದ s ದೂರ ಸರಿಸಿದರೆ ಹೊಸ k² = ಹಳೆಯ k² + s². ಅದೇ ರಾಡಿನ ನಟ್ಟನಡುವೆ ಅಕ್ಷ ಇಟ್ಟರೆ s = 15 ಸೆಂ.ಮೀ., k² = 0.18 + 0.0225 = 0.2025, k = 45 ಸೆಂ.ಮೀ. ಹೌದು, ಸರಿಯಾಗಿ L ಅರ್ಧ! ನಡುವಿನ ಅಕ್ಷದಿಂದ ಎರಡೂ ತೂಕ ಒಂದೇ ದೂರದಲ್ಲಿವೆ, ಹಾಗಾಗಿ ಯಾವ ತುದಿಗೆ ಎಷ್ಟು ತೂಕ ಇದ್ದರೂ k = L/2. 'ಉದ್ದದ ಅರ್ಧ' ಅನ್ನೋ ಉತ್ತರಕ್ಕೆ ಸಮ ತೂಕ ಬೇಕಿರಲಿಲ್ಲ, ಅಕ್ಷ ನಡುವೆ ಇದ್ದರೆ ಸಾಕಿತ್ತು. ಸಮ ತೂಕ ಇದ್ದಾಗ ನಡು ಮತ್ತು ದ್ರವ್ಯರಾಶಿ ಕೇಂದ್ರ ಒಂದೇ ಕಡೆ ಬೀಳುವುದರಿಂದ ಈ ಎರಡು ವಿಷಯ ಬೆರೆತುಹೋಗುತ್ತವೆ.

2 ಕೆಜಿ ತುದಿಯಲ್ಲೇ ಅಕ್ಷ ಇಟ್ಟರೆ I = 0.81, 1 ಕೆಜಿ ತುದಿಯಲ್ಲಿಟ್ಟರೆ 1.62. ಅತಿ ಕಡಿಮೆ ಅಂದರೆ 0.54, ಅದು ಸಮ ತೂಗುವ ಜಾಗದಲ್ಲಿ. ಅದಕ್ಕಿಂತ ಕಡಿಮೆ ಎಲ್ಲೂ ಬರುವುದಿಲ್ಲ, ಅಕ್ಷ ರಾಡಿಗೆ ಲಂಬವಾಗಿರುವ ತನಕ.

ರಾಡ್ ನಿಜಕ್ಕೂ ಹಗುರವೇ?

ನಮ್ಮ ಪೈಪ್ 200 ಗ್ರಾಂ. ತುದಿಗಳಲ್ಲಿ 3 ಕೆಜಿ ಇರುವಾಗ 200 ಗ್ರಾಂ ಬಿಟ್ಟುಬಿಡಬಹುದಾ? ಪೈಪಿನ ತೂಕವನ್ನೂ ಸೇರಿಸಿ ಲೆಕ್ಕ ಮಾಡಿದರೆ ಸಮ ತೂಗುವ ಜಾಗ ಎಡ ತುದಿಯಿಂದ 35 ಅಲ್ಲ, 35.9 ಸೆಂ.ಮೀ. ಹತ್ತಿರ ಬರುತ್ತದೆ. ಇದನ್ನು ಸ್ಕೇಲಿನ ಅಂಚಿನ ಮೇಲೆ ಕಣ್ಣಾರೆ ನೋಡಬಹುದು. ಪೈಪಿನ ಸ್ವಂತ I, ಅಂದರೆ ತೂಕ × ಉದ್ದ² / 12, ಇಲ್ಲಿ 0.0167. ಪೈಪಿನ ನಡು ಹೊಸ ಅಕ್ಷದಿಂದ 14 ಸೆಂ.ಮೀ. ದೂರ ಇರುವುದಕ್ಕೆ ಇನ್ನೊಂದು 0.004 ಸೇರುತ್ತದೆ. ಪ್ಲೇಟುಗಳ ದೂರವೂ ಸ್ವಲ್ಪ ಬದಲಾಗಿದೆ. ಎಲ್ಲಾ ಕೂಡಿದರೆ I = 0.561.

ಅಂದರೆ I ಸುಮಾರು 4 ಶೇಕಡಾ ಏರಿತು. ಆದರೆ k? 0.561 ಅನ್ನು 3.2 ರಿಂದ ಭಾಗಿಸಿ ವರ್ಗಮೂಲ ತೆಗೆದರೆ 41.9 ಸೆಂ.ಮೀ. 42.4 ಇದ್ದದ್ದು ಇಳಿದಿದೆ! ಪೈಪಿನ ತೂಕ I ಹೆಚ್ಚಿಸುತ್ತದೆ, k ಕಡಿಮೆ ಮಾಡುತ್ತದೆ. ಪೈಪಿನ ಬಹುಪಾಲು ಅಕ್ಷಕ್ಕೆ ಹತ್ತಿರ ಇದೆ. ಹತ್ತಿರದ ತೂಕ ಸೇರಿದಾಗ ಮೊತ್ತ ಹೆಚ್ಚುತ್ತದೆ, ಸರಾಸರಿ ಇಳಿಯುತ್ತದೆ. ತರಗತಿಗೆ ತೀರಾ ಚಿಕ್ಕವನೊಬ್ಬ ಸೇರಿದರೆ ಒಟ್ಟು ಎತ್ತರ ಹೆಚ್ಚಾಗಿ ಸರಾಸರಿ ಎತ್ತರ ಕಡಿಮೆಯಾಗುತ್ತದಲ್ಲ, ಹಾಗೆ.

ಎಷ್ಟು ಹಗುರ ಇದ್ದರೆ ಹಗುರ ಅನ್ನಬಹುದು ಅನ್ನುವುದಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. ತುದಿಯಿಂದ ತುದಿಗೆ ಒಂದೇ ದಪ್ಪದ ರಾಡ್ ತನ್ನ ನಡುವಿನ ಸುತ್ತ ತಿರುಗುವಾಗ, ಅದರ ತೂಕದ ಮೂರನೇ ಒಂದು ಭಾಗ ತುದಿಗಳಲ್ಲಿ ಇದ್ದ ಹಾಗೆ ನಡೆದುಕೊಳ್ಳುತ್ತದೆ. ಎರಡು ತೂಕ ಸಮ ಇದ್ದರೆ, ರಾಡಿನ ತೂಕ ಅವುಗಳ ಒಟ್ಟು ತೂಕದ 3 ಶೇಕಡಾ ಒಳಗಿದ್ದರೆ I ತಪ್ಪುವುದು 1 ಶೇಕಡಾ ಮಾತ್ರ. k ತಪ್ಪುವುದೂ ಸುಮಾರು ಅಷ್ಟೇ, ಉಲ್ಟಾ ದಿಕ್ಕಿಗೆ. ನಮ್ಮ ಪೈಪ್ 6.7 ಶೇಕಡಾ ಇದೆ, ಹಾಗಾಗಿ ಅದನ್ನು ಬಿಡೋ ಹಾಗಿಲ್ಲ.

1798 ರಲ್ಲಿ ಭೂಮಿಯ ಸಾಂದ್ರತೆಯ ಅಳತೆ ಪ್ರಕಟಿಸಿದ ಹೆನ್ರಿ ಕ್ಯಾವೆಂಡಿಶ್ ಬಳಸಿದ್ದೂ ಇದೇ ಆಕಾರ: ಸುಮಾರು 6 ಅಡಿಯ ಮರದ ಕೋಲು, ತುದಿಗಳಲ್ಲಿ ಮುಕ್ಕಾಲು ಕೆಜಿಗೆ ಹತ್ತಿರದ ಸೀಸದ ಗುಂಡು, ನಡುವಿನಲ್ಲಿ ಒಂದು ತಂತಿ. ಕೋಲು ತೂಕವಿಲ್ಲದ್ದು ಅಂತ ಅವರು ಬಿಟ್ಟುಬಿಡಲಿಲ್ಲ, ಅದರ ಪಾಲನ್ನೂ ಲೆಕ್ಕಕ್ಕೆ ಹಿಡಿದರು. ಅಷ್ಟು ಸೂಕ್ಷ್ಮವಾದ ಅಳತೆಗೆ ಅದು ಬೇಕೇ ಬೇಕಿತ್ತು.

ಪ್ಲೇಟುಗಳು ಚುಕ್ಕಿಗಳಲ್ಲ ಅನ್ನುವುದೂ ಇದೆ. ರಾಡ್ ಅವುಗಳ ತೂತಿನೊಳಗೆ ಹಾದುಹೋಗಿದೆ, ಹಾಗಾಗಿ ಪ್ರತಿ ಪ್ಲೇಟೂ ತನ್ನ ವ್ಯಾಸದ ಸುತ್ತ ತಿರುಗುತ್ತದೆ, ಅದಕ್ಕೆ m·R²/4 ಸೇರಿಸಬೇಕು. 2 ಕೆಜಿ ಪ್ಲೇಟಿನ ತ್ರಿಜ್ಯ 8 ಸೆಂ.ಮೀ., 1 ಕೆಜಿಯದ್ದು 6.5 ಅಂದುಕೊಂಡರೆ ಎರಡೂ ಸೇರಿ 0.0043. ಈಗ I = 0.565, k = 42.0 ಸೆಂ.ಮೀ.

ದಾರಕ್ಕೆ ಕಟ್ಟಿ ಅಳೆಯುವುದು

ರಾಡನ್ನು ಎರಡು ಸಮಾನ ಉದ್ದದ ದಾರಗಳಿಂದ ಅಡ್ಡಲಾಗಿ ನೇತುಹಾಕಬೇಕು. ಸಮ ತೂಗುವ ಜಾಗವನ್ನು ಮೊದಲು ಕೆಂಪು ಟೇಪಿನಿಂದ ಗುರುತು ಮಾಡಿ. ಅಲ್ಲಿಂದ ಎಡಕ್ಕೆ 20, ಬಲಕ್ಕೆ 20 ಸೆಂ.ಮೀ. ದೂರದಲ್ಲಿ ದಾರ ಕಟ್ಟಿ, ಅಂದರೆ ಎಡ ತುದಿಯಿಂದ ಸುಮಾರು 16 ಮತ್ತು 56 ಸೆಂ.ಮೀ. ಹತ್ತಿರ. ಮೇಲೆಯೂ ಎರಡು ಗಂಟಿನ ನಡುವೆ ಸರಿಯಾಗಿ 40 ಸೆಂ.ಮೀ. ಇರಲಿ, ದಾರಗಳು ಒಂದಕ್ಕೊಂದು ಸಮಾನಾಂತರವಾಗಿ ನೆಟ್ಟಗೆ ಇಳಿಯಬೇಕು. ಉದ್ದ ಸುಮಾರು 1 ಮೀಟರ್. ಮೇಲೆ ಕಟ್ಟುವ ಜಾಗ ಅಲುಗಾಡಬಾರದು. ಬಟ್ಟೆ ಒಣಗಿಸುವ ತಂತಿ ಆಗುವುದಿಲ್ಲ, ತಾರಸಿಯ ಕಬ್ಬಿಣದ ಪೈಪೋ ಗಟ್ಟಿ ತೊಲೆಯೋ ಬೇಕು. ನೈಲಾನ್ ದಾರ ತೂಕ ಬಿದ್ದಮೇಲೆ ಸ್ವಲ್ಪ ಎಳೆಯುತ್ತದೆ, ಹಾಗಾಗಿ ಒಂದಷ್ಟು ಹೊತ್ತು ಹಾಗೇ ಬಿಟ್ಟು, ಆಮೇಲೆ ರಾಡ್ ಮಟ್ಟವಾಗಿದೆಯಾ ನೋಡಿ ಗಂಟು ಸರಿಪಡಿಸಿ.

ಈಗ ಎರಡು ಬಗೆಯ ಓಲಾಟ ಅಳೆಯಬೇಕು.

ಮೊದಲನೆಯದು, ರಾಡನ್ನು ಅದರ ಉದ್ದದ ದಿಕ್ಕಿನಲ್ಲೇ ಸ್ವಲ್ಪ ಎಳೆದು ಬಿಡಿ. ರಾಡ್ ತಿರುಗದೆ, ಇಡಿಯಾಗಿ ಎಡಕ್ಕೆ ಬಲಕ್ಕೆ ಓಲಾಡುತ್ತದೆ. ಹೋಗಿ ವಾಪಸ್ ಬಂದರೆ ಒಂದು ಓಲಾಟ. 20 ಓಲಾಟದ ಹೊತ್ತು ಬರೆದಿಟ್ಟುಕೊಳ್ಳಿ. 1 ಮೀಟರ್ ದಾರಕ್ಕೆ ಸುಮಾರು 40.2 ಸೆಕೆಂಡ್ ಬರಬೇಕು.

ಎರಡನೆಯದು, ಕೆಂಪು ಟೇಪಿನ ಜಾಗ ಅಲ್ಲಾಡದ ಹಾಗೆ ಎರಡೂ ತುದಿಯನ್ನು ಎದುರು ಬದುರು ದಿಕ್ಕಿಗೆ ತಿರುಗಿಸಿ ಬಿಡಿ, ಗಡಿಯಾರದ ಮುಳ್ಳು ಎರಡು ನಿಮಿಷ ದಾಟುವಷ್ಟು ಕೋನ ಸಾಕು, ಜಾಸ್ತಿ ಬೇಡ. ಈಗ ರಾಡ್ ತಿರುಗುತ್ತಾ ಓಲಾಡುತ್ತದೆ. ಇದಕ್ಕೂ 20 ಓಲಾಟದ ಹೊತ್ತು ತೆಗೆಯಿರಿ. ಆಮೇಲೆ

k = a × (ತಿರುಗುವ ಓಲಾಟದ ಹೊತ್ತು ÷ ನೇರ ಓಲಾಟದ ಹೊತ್ತು)

ಇಲ್ಲಿ a = 20 ಸೆಂ.ಮೀ., ಅಂದರೆ ಕೆಂಪು ಟೇಪಿನಿಂದ ಒಂದು ದಾರಕ್ಕೆ ಇರುವ ದೂರ. ಅಷ್ಟೇ! ದಾರದ ಉದ್ದ ಬೇಡ, g ಬೇಡ, ತೂಕವೂ ಬೇಡ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಎರಡೂ ಓಲಾಟದಲ್ಲಿ ರಾಡನ್ನು ವಾಪಸ್ ಎಳೆಯುವುದು ಓರೆಯಾದ ಅದೇ ಎರಡು ದಾರಗಳು. ನೇರ ಓಲಾಟದಲ್ಲಿ ದಾರದ ಕೆಳತುದಿ ಎಷ್ಟು ಸರಿಯುತ್ತದೋ ಪೂರ್ತಿ ತೂಕವೂ ಅಷ್ಟೇ ಸರಿಯುತ್ತದೆ. ತಿರುಗುವಾಗ ಎಳೆತ a ದೂರದಲ್ಲಿ ಬೀಳುತ್ತದೆ, ತೂಕ ಮಾತ್ರ k ದೂರದಲ್ಲಿ ಕೂತ ಹಾಗೆ ಎದುರಾಗುತ್ತದೆ. ವಾಪಸ್ ತಿರುಗಿಸುವ ಬಲದ ಕಡೆ M·g·a²/h, ತಡೆಯುವ ಕಡೆ M·k². h ಅಂದರೆ ದಾರದ ಉದ್ದ. ನೇರ ಓಲಾಟದಲ್ಲಿ ಅದೇ ಜೋಡಿ M·g/h ಮತ್ತು M. ಭಾಗಿಸಿದರೆ ಉಳಿಯುವುದು k/a ಒಂದೇ.

ನಮ್ಮ ರಾಡಿಗೆ ಎಲ್ಲಾ ಸೇರಿಸಿದ ಲೆಕ್ಕದ ಪ್ರಕಾರ 20 ತಿರುಗುವ ಓಲಾಟಕ್ಕೆ ಸುಮಾರು 84.4 ಸೆಕೆಂಡ್ ಬರಬೇಕು. 84.4 ÷ 40.2 = 2.10, ಅದನ್ನು 20 ರಿಂದ ಗುಣಿಸಿದರೆ 42.0 ಸೆಂ.ಮೀ. ಪೈಪಿಗೆ ತೂಕವೇ ಇಲ್ಲ, ಪ್ಲೇಟುಗಳು ಬರೀ ಚುಕ್ಕಿ ಅಂತ ಮಾಡಿದ ಲೆಕ್ಕದಲ್ಲಿ 85.2 ಸೆಕೆಂಡ್ ಬರುತ್ತದೆ. 0.8 ಸೆಕೆಂಡಿನ ಈ ವ್ಯತ್ಯಾಸ ಮೊಬೈಲಿನ ಸ್ಟಾಪ್‌ವಾಚಿಗೆ ಸಿಗುವಷ್ಟು ದೊಡ್ಡದು. ರಾಡಿನ ತೂಕ ಬಿಟ್ಟರೆ ಏನಾಗುತ್ತದೆ ಅನ್ನೋದನ್ನು ಬರೀ ಒಂದು ದಾರದಿಂದ ಕಾಣಬಹುದು ಅಂದರೆ ಎಷ್ಟು ಚೆನ್ನಾಗಿದೆ ಅಲ್ವಾ!

ಉತ್ತರ ಸರಿ ಬರದಿದ್ದರೆ

ಮೊದಲು ಎಣಿಕೆ ನೋಡಿ. ಸ್ಟಾಪ್‌ವಾಚ್ ಒತ್ತುವಾಗ 'ಸೊನ್ನೆ' ಅನ್ನಬೇಕು, 'ಒಂದು' ಅಲ್ಲ. ಒಂದು ಅಂತ ಶುರು ಮಾಡಿದರೆ ನೀವು ಅಳೆದದ್ದು 19 ಓಲಾಟ. ತಿರುಗುವ ಓಲಾಟದಲ್ಲಿ ಮಾತ್ರ ಹೀಗಾದರೆ k ಸುಮಾರು 40 ಕ್ಕೆ ಇಳಿಯುತ್ತದೆ. ಎರಡರಲ್ಲೂ ಅದೇ ತಪ್ಪಾದರೆ ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ನೇರ ಓಲಾಟ 40.2 ಬದಲು 38 ರ ಹತ್ತಿರ ತೋರಿಸಿದಾಗ ಗೊತ್ತಾಗಿಬಿಡುತ್ತದೆ. ಓಲಾಟದ ಒಂದು ಕೊನೆಯಲ್ಲಿ ರಾಡ್ ಕ್ಷಣ ಹೊತ್ತು ನಿಂತಂತೆ ಇರುತ್ತದೆ, ಅಲ್ಲಿ ಎಣಿಸಬೇಡಿ. ನಡುವಿನ ಗೆರೆಯನ್ನು ವೇಗವಾಗಿ ದಾಟುವಾಗ, ಒಂದೇ ದಿಕ್ಕಿಗೆ ದಾಟುವಾಗ ಎಣಿಸಿ.

ತಿರುಗುವ ಓಲಾಟದಲ್ಲಿ ಕೆಂಪು ಟೇಪ್ ನಿಂತಲ್ಲೇ ನಿಂತಿರಬೇಕು. ಅದೂ ಅಡ್ಡಾಡುತ್ತಿದ್ದರೆ ಎರಡು ಓಲಾಟ ಬೆರೆತಿವೆ, ನಿಲ್ಲಿಸಿ ಮತ್ತೆ ಬಿಡಿ. ರಾಡನ್ನು ಒಂದೇ ಕೈಯಲ್ಲಿ ಒಂದು ತುದಿಯಿಂದ ತಳ್ಳಿದರೆ ಹೀಗೇ ಆಗುವುದು. ಎರಡೂ ಕೈ ಬಳಸಿ.

ದಾರಗಳನ್ನು ಸರಿಯಾಗಿ ಸಮ ದೂರಕ್ಕೆ ಕಟ್ಟಲು ಆಗಲಿಲ್ಲವಾ? ಚಿಂತೆ ಬೇಡ. ಒಂದು 19, ಇನ್ನೊಂದು 21 ಸೆಂ.ಮೀ. ಆಗಿದ್ದರೆ a² ಜಾಗದಲ್ಲಿ 19 × 21 = 399 ಹಾಕಿ, 400 ಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ. ಇಲ್ಲೂ ಎರಡು ಕಡೆಯ ದೂರಗಳ ಗುಣಲಬ್ಧವೇ ಬಂತು ನೋಡಿ. ಆದರೆ ಎರಡು ದಾರದ ಒಟ್ಟು ಅಂತರವನ್ನೇ ತಪ್ಪು ಅಳೆದರೆ ಉಳಿಗಾಲವಿಲ್ಲ. 40 ಅಂದುಕೊಂಡದ್ದು ನಿಜಕ್ಕೂ 41 ಇದ್ದರೆ k ಒಂದು ಸೆಂಟಿಮೀಟರ್ ತಪ್ಪುತ್ತದೆ. ಇಡೀ ಪ್ರಯೋಗದಲ್ಲಿ ಎರಡು ಸಲ ನೋಡಬೇಕಾದ ಅಳತೆ ಇದೊಂದೇ.

ದಾರದ ಅಂತರ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಮಿತಿ ಇದೆ. ತೀರಾ ಹತ್ತಿರ, 5 ಸೆಂ.ಮೀ. a ಇಟ್ಟರೆ ಒಂದು ಓಲಾಟಕ್ಕೆ 17 ಸೆಕೆಂಡ್ ಹತ್ತಿರ ಬೇಕು, ಅಷ್ಟು ನಿಧಾನ ಆದಾಗ ಫ್ಯಾನಿನ ಗಾಳಿಯೂ ರಾಡನ್ನು ತಳ್ಳುತ್ತದೆ. a ಹೆಚ್ಚಿಸುತ್ತಾ 42 ರ ಹತ್ತಿರ ಹೋದರೆ ಇನ್ನೊಂದು ತಾಪತ್ರಯ. ಆಗ a = k, ಎರಡೂ ಓಲಾಟದ ಹೊತ್ತು ಒಂದೇ. ತಿರುಗಿಸಿ ಬಿಟ್ಟ ರಾಡ್ ಸ್ವಲ್ಪ ಹೊತ್ತಿಗೆ ತಿರುಗುವುದು ಬಿಟ್ಟು ಓಲಾಡಲು ಶುರು ಮಾಡಬಹುದು, ಮತ್ತೆ ವಾಪಸ್ ತಿರುಗಬಹುದು, ಯಾವುದನ್ನು ಎಣಿಸಬೇಕೋ ತಿಳಿಯುವುದಿಲ್ಲ. a ಅನ್ನು k ಯ ಅರ್ಧದ ಆಸುಪಾಸಿನಲ್ಲಿ ಇಟ್ಟರೆ ಎರಡೂ ಸಮಸ್ಯೆ ಇಲ್ಲ. ಮೊದಲ ಸಲಕ್ಕೆ k ಎಷ್ಟು ಅಂತ ಗೊತ್ತಿರುವುದಿಲ್ಲವಲ್ಲ, ಆಗ d1 × d2 ವರ್ಗಮೂಲ ತೆಗೆದು ಅದರ ಅರ್ಧಕ್ಕೆ ದಾರ ಕಟ್ಟಿ.